ನಾಳೆ ಬಾ, ಮೇಕರ್ ರಜದಲ್ಲಿದ್ದಾರೆ

ನಮ್ಮಕ್ಕನ ಮಗಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಸಂಶೋಧನೆಗೆಂದು ಯುಜಿಸಿ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದೆ. ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ನಮ್ಮ ಮನೆತನದಲ್ಲೇ ಸ್ಥಿತಿವಂತೆ ಅವಳು. ನಾಲ್ಕು ತಿಂಗಳಿಂದ ಮಾತ್ರ ದುಡ್ಡು ಬಂದಿಲ್ಲ. ಲೆಕ್ಕ ಹಾಕಿದರೆ 1,48,000 ಆಯಿತು.

ಹಾಗಂತ ವಿಶ್ವವಿದ್ಯಾಲಯದ ಅಕೌಂಟ್ಸ್ ಸೆಕ್ಷನ್ನಿಗೆ ಹೋಗಿ ಕೇಳಿದಳು. ಕೇಸ್ ವರ್ಕರ್ ತಲೆ ಎತ್ತದೆ ಹೇಳಿದರು: 'ಮೇಲಿಂದ ಬಂದಿಲ್ಲಮ್ಮ. ನಾಳೆ ಬಾ.'

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲಿಗೆಲ್ಲ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆಯಲ್ವಾ? ರಾತ್ರಿ ದೆವ್ವ ಬರುತ್ತಿತ್ತಂತೆ. ಬಾಗಿಲು ನೋಡಿ, ಓದಿಕೊಂಡು, ಸರಿ ಅಂತ ಹೋಗುತ್ತಿತ್ತಂತೆ. ಮಾರನೇ ದಿನ ಮತ್ತೆ ಬಂದು ಮತ್ತೆ ಓದುತ್ತಿತ್ತು. ಆಗ ನನಗೆ ಆಶ್ಚರ್ಯ ಆಗಿದ್ದು ದೆವ್ವದ ಬಗ್ಗೆ ಅಲ್ಲ, ಅದರ ವಿನಯದ ಬಗ್ಗೆ. ನಿನ್ನೆಯೂ ಇದನ್ನೇ ಬರೆದಿದ್ರಲ್ಲ ಅಂತ ಒಂದು ದಿನವಾದರೂ ಕೇಳಬಾರದೇ? ಈಗ ಗೊತ್ತಾಗಿದೆ. ಪಾಪ, ಅದು ಬದುಕಿದ್ದಾಗ ರಿಸರ್ಚ್ ಸ್ಕಾಲರ್ ಇದ್ದಿರಬೇಕು.

ನಮ್ಮ ಹುಡುಗಿ ಕೇಳಿಯೇ ಬಿಟ್ಟಳು. 'ಬರೆದು ಕೊಡಿ' ಅಂದರು. ಬರೆದಳು. 'ಥ್ರೂ ಪ್ರಾಪರ್ ಚಾನೆಲ್' ಅಂದರು. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಸೀಲು, ಟಪಾಲಿನಲ್ಲಿ ಇನ್‌ವರ್ಡ್ ನಂಬರು. ಹನ್ನೊಂದು ದಿನ ಹಿಡಿಯಿತು. ಕಾಗದ ಎರಡನೇ ಮಹಡಿಯಿಂದ ಒಂದನೇ ಮಹಡಿಗೆ ಇಳಿಯಬೇಕಿತ್ತು, ಅಷ್ಟೇ.

ಇಷ್ಟರಲ್ಲಿ ಪಕ್ಕದ ಲ್ಯಾಬಿನ ಸೀನಿಯರ್ ಒಬ್ಬ ನಿಜ ಹೇಳಿದ. ಮೇಲಿಂದ ಬರಬೇಕು ಅನ್ನುವುದು ಹಳೇ ಕಾಲದ ಮಾತು. ಆಗ ಗ್ರಾಂಟು ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿಂದ ಚೆಕ್ಕಾಗಿ ಕೈಗೆ ಬರುತ್ತಿತ್ತು. ಈಗ ದುಡ್ಡು ನೇರವಾಗಿ ಹುಡುಗಿಯ ಖಾತೆಗೇ ಬೀಳುತ್ತದೆ. ಆದರೆ ಅದಕ್ಕೆ ಮೊದಲು ವಿಶ್ವವಿದ್ಯಾಲಯದವರು ಪ್ರತಿ ತಿಂಗಳೂ ಸ್ಕಾಲರ್‌ಶಿಪ್ ಪೋರ್ಟಲ್ಲಿಗೆ ಹೋಗಿ 'ಹೌದು, ಈ ಹುಡುಗಿ ಇನ್ನೂ ಇಲ್ಲೇ ಓದುತ್ತಿದ್ದಾಳೆ' ಅಂತ ಖಚಿತ ಮಾಡಬೇಕು. ಮೇಕರ್ ಅನ್ನುವವರು ಹೆಸರು ಹಾಕಬೇಕು, ಚೆಕರ್ ಅನ್ನುವವರು ನೋಡಿ ಒಪ್ಪಬೇಕು. ಆ ತಿಂಗಳು ಅದು ಆಗದಿದ್ದರೆ ದುಡ್ಡೂ ಹೊರಡುವುದಿಲ್ಲ.

ಅಂದರೆ ಮೇಲಿನವರು ಇವರಿಗೆ ಕಾಯುತ್ತಿದ್ದಾರೆ, ಇವರು ಮೇಲಿನವರನ್ನು ತೋರಿಸುತ್ತಿದ್ದಾರೆ.

ಮೇಕರ್ ಯಾರು? ಮಗಳ ಮದುವೆಗೆ ರಜ ಹಾಕಿದ್ದರು. ಮದುವೆ ಮುಗಿದು ಬೀಗರೌತಣವೂ ಆಯಿತು, ವಾಪಸು ಬಂದ ಮೇಲೆ ಪರೀಕ್ಷಾ ವಿಭಾಗಕ್ಕೆ ವರ್ಗವಾದರು. ಲಾಗಿನ್ ಮಾತ್ರ ವರ್ಗವಾಗಲಿಲ್ಲ. ಹೊಸಬರು ಪಾಸ್‌ವರ್ಡ್ ಹಾಕಿದರೆ ಒಟಿಪಿ ಹಳಬರ ಮೊಬೈಲಿಗೆ ಹೋಗುತ್ತದೆ. ಅವರು ಎದುರಿನ ಕಟ್ಟಡದಲ್ಲೇ ಇದ್ದಾರೆ, ಕಿಟಕಿಯಿಂದ ಕಾಣುತ್ತಾರೆ. ನಂಬರ್ ಬದಲಿಸಲು ಫೈಲ್ ಪುಟ್ ಅಪ್ ಆಗಿದೆಯಂತೆ.

ಅಕೌಂಟ್ಸಿನವರನ್ನು ಸುಮ್ನೆ ಬೈಯಬಾರದು. ಅವರು ನಿಷ್ಪಕ್ಷಪಾತಿಗಳು. ಅವಳೊಬ್ಬಳದ್ದಲ್ಲ, ಆ ಪಟ್ಟಿಯಲ್ಲಿರುವ ಎಲ್ಲರದ್ದೂ ನಿಲ್ಲಿಸಿದ್ದಾರೆ. ಜೊತೆಗೆ ಕಾಳಜಿಯೂ ಇದೆ. 'ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ನೋಡಿದ್ಯಾ?' ಅಂತ ಕೇಳಿ ಕಳಿಸಿದರು. ಪ್ರಶ್ನೆಯೇನೋ ಸರಿ. ಆಧಾರ್ ಮೇಲೆ ಬರುವ ದುಡ್ಡು, ತೀರಾ ಇತ್ತೀಚೆಗೆ ಯಾವ ಖಾತೆಗೆ ಆಧಾರ್ ಸೀಡ್ ಮಾಡಿಸಿದ್ದೀರೋ ಅದಕ್ಕೇ ಹೋಗುತ್ತದೆ. ಎಷ್ಟೋ ಹುಡುಗರು ಹೊಸ ಖಾತೆ ತೆರೆದು ಮರೆತು, ಹಳೇ ಪಾಸ್‌ಬುಕ್ ಹಿಡಿದು ಗೋಳಾಡುತ್ತಾರೆ. ಆದರೆ ಅದು ಕಳಿಸಿದ ದುಡ್ಡು ದಾರಿ ತಪ್ಪಿದಾಗ ಕೇಳುವ ಮಾತು. ಇಲ್ಲಿ ಕಳಿಸಿಯೇ ಇಲ್ಲ.

ಇನ್ನೊಂದಿದೆ. ಫೆಲೋಶಿಪ್ ತೆಗೆದುಕೊಳ್ಳುವವರು ಬೇರೆ ಕೆಲಸ ಮಾಡುವಂತಿಲ್ಲ, ಬೇರೆ ಸಂಬಳ ಪಡೆಯುವಂತಿಲ್ಲ. ಬರೆದುಕೊಟ್ಟಿದ್ದಾಳೆ. ಆ ಕಾಗದ ಮಾತ್ರ ಫೈಲಿನಲ್ಲಿ ಭದ್ರವಾಗಿದೆ. ಕೊಡುವುದಕ್ಕೆ ತಾರೀಖಿಲ್ಲ, ದುಡಿಯುವುದಕ್ಕೆ ಅನುಮತಿಯಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ ಮೆಸ್ ಬಿಲ್ಲಿಗೆ ಅಪ್ಪನ ಪೆನ್ಶನ್ ಕೇಳಬೇಕು. ಇದರಲ್ಲಿ ನಗುವುದೇನಿದೆ ಅಂತ ನನಗೂ ಗೊತ್ತಿಲ್ಲ. ಎರಡು ನಿಮಿಷದ ಕೆಲಸ ಇದು. ಯಾರೂ ಲಂಚ ಕೇಳಿಲ್ಲ, ಯಾರಿಗೂ ದ್ವೇಷವಿಲ್ಲ. ಮಾಡಲಿಲ್ಲ, ಅಷ್ಟೇ. ಕೇಳುವವರಿಲ್ಲ, ಅದಕ್ಕೆ.

ಮೊನ್ನೆ ಫೋನ್ ಮಾಡಿದ್ದಳು. 'ಮಾಮ, ಐದುನೂರು ಹಾಕ್ತೀಯಾ?' ಯಾಕೆ ಅಂದೆ. ಪಿಎಚ್.ಡಿ. ವಾರ್ಷಿಕ ಶುಲ್ಕ ಕಟ್ಟುವುದು ತಡವಾಯಿತಂತೆ, ದಂಡ ಹಾಕಿದ್ದಾರೆ. ಕಟ್ಟುವ ಕೌಂಟರ್ ಅದೇ ಅಕೌಂಟ್ಸ್ ಸೆಕ್ಷನ್ನಿನ ಪಕ್ಕದ ಕಿಟಕಿ. ಅಲ್ಲಿ ಯಾರೂ ರಜದಲ್ಲಿರಲಿಲ್ಲ.