ಸ್ಟಾಕ್‌ಗೆ ಬಿಲ್ಲಿನ ಒಟ್ಟು ಮೊತ್ತ ಬರೆಯಬೇಡಿ

“ಬಿಲ್ಲಿನ ಒಟ್ಟು ಮೊತ್ತವನ್ನೇ ಸ್ಟಾಕ್‌ಗೆ ಹಾಕಿದ್ರೆ ಸಾಕು, ಬಾಡಿಗೆ, ಜಿಎಸ್‌ಟಿ ಎಲ್ಲಾ ಅದರಲ್ಲೇ ಬರುತ್ತೆ.”

ತಪ್ಪು. ಬಾಡಿಗೆ ಸ್ಟಾಕ್‌ಗೆ ಸೇರುತ್ತದೆ, ವಾಪಸ್ ಸಿಗುವ ತೆರಿಗೆ ಸೇರುವುದಿಲ್ಲ. ತುಮಕೂರಿನ ಅಂಗಡಿಯೊಂದು ಬೆಂಗಳೂರಿನಿಂದ 100 ಕಬ್ಬಿಣದ ಪೈಪು ತರಿಸಿತು ಎನ್ನಿ. ಮಾಲು ₹50,000, ಅದೇ ಬಿಲ್ಲಿನಲ್ಲಿ ಲಾರಿ ಬಾಡಿಗೆ ₹2,000. ಮಾರುವವರೇ ಬಾಡಿಗೆ ಹಾಕಿದ್ದರಿಂದ ಅದಕ್ಕೂ ಪೈಪಿನ ದರದಲ್ಲೇ, ಅಂದರೆ 18%, ತೆರಿಗೆ ಬೀಳುತ್ತದೆ.

```
ಸ್ಟಾಕ್ ಡೆಬಿಟ್        52,000
ಸಿಜಿಎಸ್‌ಟಿ ಇನ್‌ಪುಟ್ ಡೆಬಿಟ್   4,680
ಎಸ್‌ಜಿಎಸ್‌ಟಿ ಇನ್‌ಪುಟ್ ಡೆಬಿಟ್  4,680
ಸಪ್ಲೈಯರ್ ಕ್ರೆಡಿಟ್      61,360
```

ಪೈಪೊಂದಕ್ಕೆ ಅಸಲು ₹520. ಒಟ್ಟು ಮೊತ್ತ ಹಾಕಿದರೆ ₹613.60 ಆಗಿ, ತೆರಿಗೆ ಬಿಟ್ಟು ₹600ಕ್ಕೆ ಮಾರಿದ ಪೈಪೂ ನಷ್ಟದ್ದೆಂದು ಕಾಣುತ್ತದೆ. ಕಾಂಪೊಸಿಷನ್ ಸ್ಕೀಮಿನವರಿಗಾದರೆ ₹613.60 ಸರಿ, ಅವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ.