ಡಾಲರ್ ಅಲ್ಲ, ಬೀಗ

ನನ್ನ ಮೊದಲ ಆನ್‌ಲೈನ್ ಪಾಠದ ವಿಡಿಯೋದಲ್ಲಿ ಆರು ನಿಮಿಷದ ಮೂಕಾಭಿನಯವಿದೆ. ಮೂಲೆಯ ಪುಟ್ಟ ಚೌಕದಲ್ಲಿ ನಾನು ಕೈ ಬೀಸುತ್ತೇನೆ, ಹುಬ್ಬು ಏರಿಸುತ್ತೇನೆ, ಒಂದು ಕಡೆ ನನ್ನ ಜೋಕಿಗೆ ನಾನೇ ನಗುತ್ತೇನೆ. ಧ್ವನಿ ಮಾತ್ರ ಇಲ್ಲ. ಅದು ಯಾಕೆ ಹಾಗಾಯ್ತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲೇ ಕೆಟ್ಟಿದ್ದು ಬಹಳ ಇದೆ.

ಪಾಠದ ವಿಷಯ ಚಿಕ್ಕದು. ಸ್ಪ್ರೆಡ್‌ಶೀಟಿನಲ್ಲಿ ಒಂದು ಫಾರ್ಮುಲಾ ಬರೆದು ಕೆಳಗೆ ಎಳೆದಾಗ, ಅದರೊಳಗಿನ ಒಂದು ಸೆಲ್ ಮಾತ್ರ ಅಲುಗಾಡದಂತೆ ನಿಲ್ಲಿಸುವುದು ಹೇಗೆ? ಅಷ್ಟೇ. ಇದಕ್ಕೆ ನಾನು ಬರೆದ ಸ್ಕ್ರಿಪ್ಟು ಹನ್ನೊಂದು ಪುಟ. ಅದರಲ್ಲಿ ಎರಡು ಪುಟ 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನ ಚರಿತ್ರೆ. ಮದುವೆ ಊಟಕ್ಕೆ ಬಂದವರನ್ನು ಕೂರಿಸಿಕೊಂಡು ವಂಶಾವಳಿ ಓದಿದ ಹಾಗೆ.

ಪಾಠದ ಗುರಿಯನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ: ‘ಈ ವಿಡಿಯೋದ ಕೊನೆಗೆ ನೀವು ಸೆಲ್ ರೆಫರೆನ್ಸ್‌ಗಳ ಬಗ್ಗೆ ಅರಿವು ಹೊಂದುತ್ತೀರಿ.’ ಕೋರ್ಸ್ ನೋಡಿಕೊಳ್ಳುವ ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು ಫೋನ್ ಮಾಡಿದರು.

“ಅರಿವು ಬಂತೋ ಇಲ್ವೋ ಅಂತ ಹೇಗೆ ನೋಡ್ತೀರಿ ಸಾರ್? ಹಣೆ ಮುಟ್ಟಿ ನೋಡ್ತೀರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಹೇಳಿಕೊಟ್ಟರು. ರಾಬರ್ಟ್ ಮೇಗರ್ ಎಂಬುವರು 1962ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದಾರಂತೆ. ಕಲಿತವರು ಏನು ಮಾಡಿ ತೋರಿಸಬೇಕು, ಅವರ ಕೈಗೆ ಏನು ಕೊಟ್ಟಿರುತ್ತೇವೆ, ಎಷ್ಟು ಸರಿ ಬಂದರೆ ಸರಿ. ಗುರಿಯ ವಾಕ್ಯದಲ್ಲಿ ಈ ಮೂರೂ ಇರಬೇಕು. ಎರಡು ಸಂಜೆ ಒದ್ದಾಡಿ ಹೀಗೆ ತಿದ್ದಿದೆ: ‘ಐದು ಜನರ ಅಂಕಪಟ್ಟಿ ಕೊಟ್ಟರೆ, ಒಂದೇ ಸಲ ಫಾರ್ಮುಲಾ ಬರೆದು, ಕೆಳಗೆ ಎಳೆದು, ಐವರ ಶೇಕಡಾ ಅಂಕವನ್ನೂ ತಪ್ಪಿಲ್ಲದೆ ತೆಗೆಯುತ್ತೀರಿ.’

ಈ ಸಾಲು ಬರೆದ ಮೇಲೆ ತಮಾಷೆ ನೋಡಿ. ಸ್ಕ್ರಿಪ್ಟಿನ ಒಂದೊಂದೇ ಪ್ಯಾರಾವನ್ನು ಇದರ ಮುಂದೆ ನಿಲ್ಲಿಸಿ ‘ನೀನು ಯಾಕೆ ಬಂದೆ?’ ಅಂತ ಕೇಳಿದೆ. 1979 ತಲೆ ತಗ್ಗಿಸಿಕೊಂಡು ಹೊರಗೆ ಹೋಯಿತು. ಸಾಲನ್ನು ಮಾತ್ರ ಹಿಡಿಯುವುದು, ಕಾಲಂ ಮಾತ್ರ ಹಿಡಿಯುವುದು ಅನ್ನುವ ಮೂರು ಪುಟ ಮುಂದಿನ ಪಾಠಕ್ಕೆ ಹೋಯಿತು. ಉಳಿದದ್ದು ಆರು ಪುಟ. ಬರೆದಿದ್ದನ್ನು ಹೊಡೆದು ಹಾಕುವುದು ನನಗೆ ಹಲ್ಲು ಕೀಳಿಸಿಕೊಂಡಷ್ಟೇ ಇಷ್ಟ.

ಈಗ ಉಳಿದದ್ದು 750 ಪದ. ನಿಮಿಷಕ್ಕೆ 150 ಪದ ಅಂತ ಎಲ್ಲೋ ಓದಿದ್ದೆ. ಐದು ನಿಮಿಷ, ಸರಿಯಾಯ್ತು ಅಂದುಕೊಂಡೆ. ಆದರೆ ಗಡಿಯಾರ ಇಟ್ಟುಕೊಂಡು ಓದಿದರೆ ಎಂಟು ನಿಮಿಷ ದಾಟಿತು. ಆ ಲೆಕ್ಕ ಇಂಗ್ಲಿಷಿನದು. ನಾವು ‘ಬರೆದುಕೊಂಡಿದ್ದರೆ’ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುವುದಕ್ಕೆ ಅವರಿಗೆ ನಾಲ್ಕೈದು ಪದ ಬೇಕು. ನನ್ನ ಬಾಯಲ್ಲಿ ಕನ್ನಡ ನಿಮಿಷಕ್ಕೆ ಸುಮಾರು 90 ಪದ ಓಡುತ್ತದೆ, ಅಷ್ಟೇ. ಅದೂ ಇಲಿ ಹಿಡಿಯದೆ ಓದಿದಾಗ. ಮೌಸ್ ಹಿಡಿದು ಎಳೆಯುವ, ಎಂಟರ್ ಒತ್ತುವ ಹೊತ್ತು ಯಾವ ಪದದ ಲೆಕ್ಕದಲ್ಲೂ ಬರುವುದಿಲ್ಲ. ಈಗ ನಾನು ಸ್ಕ್ರಿಪ್ಟನ್ನು ಜೋರಾಗಿ ಓದುತ್ತಾ, ಕೈಯಲ್ಲೂ ಕೆಲಸ ಮಾಡುತ್ತಾ ಗಡಿಯಾರ ನೋಡುತ್ತೇನೆ. ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊದಲ ಸಲ ವಿಡಿಯೋ ಮುಗಿಸಿ ಚಿಕ್ಕಮ್ಮನಿಗೆ ತೋರಿಸಿದೆ. ಚಿಕ್ಕಮ್ಮ ನಿವೃತ್ತ ಟೀಚರು. ಸ್ಪ್ರೆಡ್‌ಶೀಟ್ ಬರುವುದಿಲ್ಲ, ತಪ್ಪು ಹಿಡಿಯುವುದು ಬರುತ್ತದೆ. ಇಂಥವರು ಸಿಗುವುದು ಪುಣ್ಯ, ಆದರೆ ಆ ಹೊತ್ತಿಗೆ ಹಾಗನ್ನಿಸುವುದಿಲ್ಲ.

ಶೀಟ್ ಹೀಗಿತ್ತು. A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ಅಂಕ: 40, 35, 45, 30, 25. ಒಟ್ಟು ಅಂಕ 50, ಅದು E1 ಸೆಲ್‌ನಲ್ಲಿ. C ಕಾಲಂನಲ್ಲಿ ಶೇಕಡಾ ಬರಬೇಕು, ಅದಕ್ಕೆ ಆ ಕಾಲಂಗೆ ಮೊದಲೇ ಶೇಕಡಾ ಫಾರ್ಮ್ಯಾಟ್ ಹಾಕಿಟ್ಟಿದ್ದೆ. C2ರಲ್ಲಿ ಫಾರ್ಮುಲಾ ಬರೆದು ಕೆಳಗೆ ಎಳೆದರೆ ಸ್ಪ್ರೆಡ್‌ಶೀಟ್ ತನ್ನ ಬುದ್ಧಿ ತೋರಿಸುತ್ತದೆ. ಸಾಲು ಒಂದು ಇಳಿದರೆ ಎಲ್ಲವನ್ನೂ ಒಂದು ಇಳಿಸುತ್ತದೆ:

```
C2: =B2/E1
C3: =B3/E2
C4: =B4/E3
```

B ಇಳಿಯಬೇಕಾದದ್ದೇ. E ಇಳಿಯಬಾರದು. ಪಾಠದ ಜೀವ ಇರುವುದೇ ಇಲ್ಲಿ. ಕಲಿಯುವವರು ಮೊದಲು ಈ ತಪ್ಪನ್ನು ಕಣ್ಣಾರೆ ನೋಡಬೇಕು. ಆಮೇಲೆ ಔಷಧಿ ಕೊಟ್ಟರೆ ಬೆಲೆ. ಹಾಗಾಗಿ ವಿಡಿಯೋದಲ್ಲಿ ನಾನು ಎಳೆದು, ನಾಟಕದ ದನಿಯಲ್ಲಿ, “ಅಯ್ಯೋ, ನೋಡಿ! ಎಲ್ಲಾ ತಪ್ಪಾಗಿ ಬಂತು!” ಅಂದೆ.

ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡರು. “ತಪ್ಪೆಲ್ಲೋ? ಎಂಬತ್ತು, ಎಪ್ಪತ್ತು, ತೊಂಬತ್ತು, ಅರವತ್ತು, ಐವತ್ತು. ಎಲ್ಲಾ ಸರಿಯಾಗೇ ಇದೆಯಲ್ಲ.”

ನೋಡಿದರೆ ಹೌದು. ಹಿಂದೆ ಯಾವತ್ತೋ ಅಭ್ಯಾಸ ಮಾಡುವಾಗ E1ರಿಂದ E5ರವರೆಗೆ ಎಲ್ಲಾ ಸೆಲ್‌ನಲ್ಲೂ 50 ಅಂತ ತುಂಬಿ, ಅಳಿಸುವುದನ್ನು ಮರೆತಿದ್ದೆ. ಫಾರ್ಮುಲಾ ಜಾರಿತು, ಆದರೆ ಜಾರಿದ ಕಡೆಯೆಲ್ಲಾ 50 ಕಾದು ಕೂತಿತ್ತು. ನಾನು ಸ್ಕ್ರಿಪ್ಟ್ ಓದುವುದರಲ್ಲಿ ಮುಳುಗಿ ಸ್ಕ್ರೀನ್ ನೋಡಲೇ ಇಲ್ಲ. ಇಲ್ಲದ ಕಾಯಿಲೆಗೆ ಹತ್ತು ನಿಮಿಷ ಚಿಕಿತ್ಸೆ ಕೊಟ್ಟಿದ್ದೆ.

ಅವತ್ತು ಸ್ಕ್ರಿಪ್ಟನ್ನು ಎರಡು ಕಾಲಂ ಮಾಡಿದೆ. ಎಡಗಡೆ ಸ್ಕ್ರೀನ್ ಮೇಲೆ ಏನು ಕಾಣಬೇಕು, ಬಲಗಡೆ ನಾನು ಏನು ಹೇಳಬೇಕು. ಮೊದಲು ಎಡಗಡೆಯದನ್ನು ಪೂರ್ತಿ ಬರೆದು, ಶೀಟಿನಲ್ಲಿ ಮಾಡಿ ನೋಡಿ, ಬಂದ ಉತ್ತರವನ್ನು ಅದೇ ಕಾಲಂನಲ್ಲಿ ಬರೆದುಕೊಂಡು, ಆಮೇಲೆ ಬಲಗಡೆ. ಹೀಗೆ ಮಾಡುವಾಗ ಉದಾಹರಣೆಯನ್ನೂ ಬದಲಾಯಿಸಿದೆ. E1 ಒಂದನ್ನು ಬಿಟ್ಟು E ಕಾಲಂ ಖಾಲಿ ಮಾಡಿದರೆ C2ರ ಕೆಳಗಿನ ನಾಲ್ಕೂ ಸೆಲ್‌ನಲ್ಲಿ `#DIV/0!` ಬರುತ್ತದೆ, ಖಾಲಿಯಿಂದ ಭಾಗಿಸಲು ಹೊರಟಿದ್ದಕ್ಕೆ. ತಪ್ಪು ಕಾಣುತ್ತದೆ, ನಿಜ. ಆದರೆ ಅದು ಬೊಗಳುವ ನಾಯಿ. ನಿಜ ಜೀವನದಲ್ಲಿ ಕಚ್ಚುವುದು ಸದ್ದಿಲ್ಲದೆ ಬರುವ ತಪ್ಪು ಉತ್ತರ. ಅದಕ್ಕೆ E2ರಲ್ಲಿ ‘ಪಾಸಾಗಲು ಬೇಕಾದ ಅಂಕ’ ಅಂತ 20 ಇಟ್ಟೆ. ಈಗ ಎಳೆದರೆ 35 ತೆಗೆದ ಎರಡನೆಯ ಹುಡುಗಿಗೆ ಶೇಕಡಾ 175, ಅವಳ ಕೆಳಗಿನ ಮೂವರಿಗೆ `#DIV/0!`. ಯಾರಾದರೂ ನೋಡಿದ ತಕ್ಷಣ ‘ಇದೇನಿದು?’ ಅನ್ನಲೇಬೇಕು. ಚಿಕ್ಕಮ್ಮ ಅಂದರು. “175 ಬರಬೇಕಾದರೆ ಅವಳು ಉತ್ತರಪತ್ರಿಕೆ ತಿದ್ದಿದವರಿಗೂ ಪಾಠ ಮಾಡಿರಬೇಕು” ಅಂತಲೂ ಸೇರಿಸಿದರು.

ಇನ್ನು ಸ್ಕ್ರೀನ್ ಮೇಲಿನ ಬರಹ. ನಾನು ಹೇಳುವುದನ್ನೆಲ್ಲಾ ಪ್ಯಾರಾ ಪ್ಯಾರಾ ಬರೆದು ಹಾಕಿದ್ದೆ. ಕೇಳಿದ್ದನ್ನು ಓದಲೂ ಸಿಕ್ಕರೆ ಇಮ್ಮಡಿ ಲಾಭ ಅಲ್ವಾ ಅನ್ನುವ ಲೆಕ್ಕ.

“ನಾನು ಓದಿ ಮುಗಿಸಿ ಆಗಿತ್ತು, ನೀನು ಇನ್ನೂ ಎರಡನೇ ಸಾಲಲ್ಲೇ ಇದ್ದೆ” ಅಂದರು ಚಿಕ್ಕಮ್ಮ. “ಆಮೇಲೆ ನೀನು ಏನು ಹೇಳಿದೆ ಅಂತ ಕೇಳಿಸಿಕೊಳ್ಳಲಿಲ್ಲ. ಅಂದ ಹಾಗೆ, ಬರಹದಲ್ಲಿ ‘ಮೊತ್ತ’, ಬಾಯಲ್ಲಿ ‘ಒಟ್ಟು’. ಎರಡೂ ಒಂದೇನಾ?”

ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರೂ ಇದನ್ನೇ ಪ್ರಯೋಗ ಮಾಡಿ ಹೇಳಿದ್ದಾರೆ. ಚಿತ್ರ ಮತ್ತು ಮಾತು ಇರುವಾಗ ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಕೆ ಹೆಚ್ಚುವ ಬದಲು ಕಡಿಮೆಯಾಗಬಹುದು. ಕಣ್ಣಿಗೆ ಚಿತ್ರವನ್ನೂ ನೋಡಬೇಕು, ಅಕ್ಷರವನ್ನೂ ಓದಬೇಕು. ಎಳೆದಾಟ. ಕಿವಿ ಕೇಳದವರಿಗೆ ಬೇಕಾದ ಸಬ್‌ಟೈಟಲ್ ಬೇರೆ ವಿಷಯ, ಅದನ್ನು ಬೇಕಾದವರು ಹಾಕಿಕೊಳ್ಳುತ್ತಾರೆ. ನಾನು ಪ್ಯಾರಾಗಳನ್ನು ಕಿತ್ತು ಹಾಕಿ ಫಾರ್ಮುಲಾ ಮಾತ್ರ ದೊಡ್ಡದಾಗಿ ಇಟ್ಟೆ:

```
=B2/$E$1
```

ಪಕ್ಕದಲ್ಲಿ ಎರಡೇ ಪದ: ‘E1ಗೆ ಬೀಗ’. ಅದೂ ನಾನು ‘ಬೀಗ’ ಅಂದ ಗಳಿಗೆಯಲ್ಲೇ ಮೂಡಬೇಕು. ಮೊದಲೇ ಬಂದರೆ ಜನ ಓದಿ ಮುಂದೆ ಹೋಗಿರುತ್ತಾರೆ. ಎಡಗಡೆಯ ಕಾಲಂನಲ್ಲಿ ಈಗ ‘ಬಲಗಡೆ ಮೂರನೇ ಸಾಲು, “ಬೀಗ” ಪದಕ್ಕೆ’ ಅಂತ ಬರೆದಿರುತ್ತೇನೆ. ‘ಬೀಗ’ ಅಂತ ಬರೆದಿದ್ದಕ್ಕೂ ಕಾರಣ ಚಿಕ್ಕಮ್ಮನೇ. ಮೊದಲು ಬರೀ `$` ತೋರಿಸಿದ್ದೆ. “ಅಂಕಪಟ್ಟಿಗೆ ಡಾಲರ್ ಯಾಕೋ? ಫೀಸ್ ಕಟ್ಟಬೇಕಾ?” ಅಂದಿದ್ದರು. ‘ಇದು ಹಣದ ಗುರುತಲ್ಲ’ ಅನ್ನುವ ಒಂದು ಸಾಲು ನನ್ನ ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. 1979 ಇತ್ತು.

ಹಾಂ, ಮೂಕಾಭಿನಯ. ಫಾರ್ಮುಲಾ ಬರೆಯುವಾಗ E1 ಪಕ್ಕ ಕರ್ಸರ್ ಇಟ್ಟು F4 ಒತ್ತಿದರೆ ಎರಡು `$` ತಾವಾಗಿಯೇ ಬರುತ್ತವೆ. ಈ ಚಮತ್ಕಾರ ತೋರಿಸುವ ಆಸೆ. ನನ್ನ ಲ್ಯಾಪ್‌ಟಾಪಿನಲ್ಲಿ Fn ಒತ್ತಿಕೊಳ್ಳದೆ F4 ಒತ್ತಿದರೆ ಮೈಕ್ ಬಂದ್ ಆಗುತ್ತದೆ. “ಈಗ F4 ಒತ್ತುತ್ತೇನೆ, ಏನಾಗುತ್ತದೆ ನೋಡಿ” ಅಂದೆ. ಏನೂ ಕೇಳಿಸಲಿಲ್ಲ, ಕೊನೆಯವರೆಗೂ. ಡಾಲರೂ ಬರಲಿಲ್ಲ, ಅದನ್ನು ಕೈಯಲ್ಲೇ ಒತ್ತಿ ಮುಂದೆ ಹೋಗಿದ್ದೆ. ಈಗ ಸ್ಕ್ರಿಪ್ಟಿನಲ್ಲಿ ‘`$` ಅನ್ನು ಕೈಯಲ್ಲೇ ಒತ್ತುವುದು’ ಅಂತಿದೆ. ಎಲ್ಲರ ಕೀಬೋರ್ಡಿನಲ್ಲೂ ಅದು ಒಂದೇ ಥರ ನಡೆಯುತ್ತದೆ.

ಕೊನೆಗೆ ಉಳಿದದ್ದು ಅಭ್ಯಾಸ. ಪಾಠ ನೋಡಿದ ಮೇಲೆ ಚಿಕ್ಕಮ್ಮನಿಗೆ ಬೇರೆ ಶೀಟ್ ಕೊಟ್ಟೆ. ಅದರಲ್ಲಿ ಒಟ್ಟು ಅಂಕ G1ರಲ್ಲಿತ್ತು. ಅವರು ಧೈರ್ಯವಾಗಿ `$E$1` ಅಂತಲೇ ಬರೆದರು. ನಾನು ಕಲಿಸಿದ್ದು ಬೀಗ ಹಾಕುವುದನ್ನಲ್ಲ, E1 ಅನ್ನುವ ಮಂತ್ರವನ್ನು. ಅದಕ್ಕೇ ವಿಡಿಯೋದಲ್ಲಿ ಇನ್ನೊಂದು ಪುಟ್ಟ ಉದಾಹರಣೆ ಸೇರಿಸಿದೆ, ಒಟ್ಟು ಅಂಕ H3ರಲ್ಲಿ ಇರುವಂಥದ್ದು. ಅದನ್ನು ನೋಡಿ ಬಂದು ಮತ್ತೆ ಕೂತರು. ಒಂದು ಕ್ಷಣ G1 ಮೇಲೆ ಬೆರಳಿಟ್ಟರು. `=B2/$G$1`. ಎಂಟರ್. ಎಳೆದರು.

“ಐದೂ ಸರಿ” ಅಂದೆ, ಗುರಿಯ ಸಾಲನ್ನು ನೆನೆದು ಹಿಗ್ಗುತ್ತಾ.

“ಅದು ಸರಿ” ಅಂದರು ಚಿಕ್ಕಮ್ಮ. ಎಳೆಯುವ ಭರದಲ್ಲಿ ಒಂದು ಸಾಲು ಜಾಸ್ತಿ ಎಳೆದಿದ್ದರು. “ಆದರೆ ಈ ಆರನೆಯವನು ಯಾರು? ಪಾಪ, ಹೆಸರೂ ಇಲ್ಲ, ಸೊನ್ನೆ ಬಂದಿದೆ.”