ಹೋದ ಪುಟ್ಟ, ಬಾರದ ಪುಟ್ಟ

ನನ್ನ ಮಾನಿಟರಿನ ಬಲ ಅಂಚಿನ ಅಡಿಯಲ್ಲಿ ಐದು ಗುಂಡಿಗಳಿವೆ. ಇವೆ ಎಂಬುದಕ್ಕೆ ಬೆರಳೊಂದೇ ಸಾಕ್ಷಿ, ಕಣ್ಣು ಅವನ್ನು ಈವರೆಗೆ ಕಂಡಿಲ್ಲ. ಐದೂ ಒಂದೇ ಗಾತ್ರ, ಒಂದೇ ಆಕಾರ, ಒಂದೇ ನುಣುಪು. ರಾತ್ರಿ ಹೊತ್ತು ಪರದೆಯ ಬೆಳಕು ಕಣ್ಣಿಗೆ ಚುಚ್ಚಿದಾಗ ಕೈಯನ್ನು ಅಡಿಗೆ ತೂರಿಸಿ, ಎಡದಿಂದ ಎಣಿಸಿ, ಎರಡನೆಯದೆಂದು ನಂಬಿ ಒಂದನ್ನು ಒತ್ತುತ್ತಿದ್ದೆ. ಮಾನಿಟರಿನ ಎದುರು ಕುಳಿತವನ ಎಡವೇ ಅದರ ಬೆನ್ನ ಹಿಂದೆ ಹೋದ ಕೈಗೂ ಎಡ ಎಂದು ಮಿದುಳಿಗೆ ಮನವರಿಕೆಯಾಗುವಷ್ಟರಲ್ಲಿ ಐದನೆಯದನ್ನು ಒತ್ತಿಯಾಗಿರುತ್ತಿತ್ತು. ಐದನೆಯದು ಮಾನಿಟರನ್ನೇ ಆರಿಸುವ ಗುಂಡಿ. ಬೆಳಕು ಕಡಿಮೆಯಾಗಬೇಕು ಎಂಬ ನನ್ನ ಕೋರಿಕೆಯನ್ನು ಅದು ಇಷ್ಟು ಧಾರಾಳವಾಗಿ ಈಡೇರಿಸುತ್ತದೆಂದು ನಾನು ಎಣಿಸಿರಲಿಲ್ಲ.

ಹೀಗೆ ಗುಂಡಿಗಳೊಡನೆ ಮುನಿಸಿಕೊಂಡಿದ್ದಾಗಲೇ ನನಗೆ ಡಿಡಿಸಿಯ, ಅಂದರೆ ಕಂಪ್ಯೂಟರ್ ಮಾನಿಟರಿನೊಡನೆ ಮಾತಾಡುವ ಒಳದಾರಿಯ, ಸುಳಿವು ಸಿಕ್ಕಿತು. ಚಿತ್ರವನ್ನು ಹೊತ್ತು ತರುವ ಕೇಬಲಿನೊಳಗೆ ಚಿತ್ರಕ್ಕೆ ಸಂಬಂಧವೇ ಇಲ್ಲದ ಎರಡು ಬಡಪಾಯಿ ತಂತಿಗಳೂ ಇರುತ್ತವೆ. ಎಚ್‌ಡಿಎಂಐ ಆದರೆ 15 ಮತ್ತು 16ನೇ ಪಿನ್‌ಗಳು. ಕೇಬಲ್ ಚುಚ್ಚಿದೊಡನೆ ಕಂಪ್ಯೂಟರ್ ಈ ತಂತಿಗಳ ಮೂಲಕ ‘ನೀನು ಯಾರಪ್ಪ, ಎಷ್ಟು ದೊಡ್ಡವನು’ ಎಂದು ಕೇಳುತ್ತದೆ, ಮಾನಿಟರ್ ತನ್ನ ಕುಲಗೋತ್ರ ಒಪ್ಪಿಸುತ್ತದೆ. 1998ರಲ್ಲಿ ಇದೇ ತಂತಿಗಳ ಮೇಲೆ ಅಪ್ಪಣೆಯನ್ನೂ ಕಳಿಸಬಹುದು ಎಂಬ ಏರ್ಪಾಡು ಬಂತು, ಅದೇ ಡಿಡಿಸಿ/ಸಿಐ. ಒಂದೇ ತಂತಿಯ ಮೇಲೆ ಎರಡು ಮನೆ ನಂಬರುಗಳು: ಕುಲಗೋತ್ರ ಕೇಳಬೇಕಾದರೆ 0x50, ಅಪ್ಪಣೆ ಕೊಡಬೇಕಾದರೆ 0x37. ಈ ಎರಡು ನಂಬರುಗಳನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋದದ್ದು ಇವುಗಳ ನಡುವೆಯೇ.

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ddcutil ಎಂಬ ತಂತ್ರಾಂಶವಿದೆ. ಹಾಕಿಕೊಂಡೆ, i2c-dev ಎಂಬ ಚಾಲಕವನ್ನು ಎಬ್ಬಿಸಿದೆ, ಮೊದಲ ಆಜ್ಞೆ ಕೊಟ್ಟೆ. ಮಾನಿಟರ್ ಮಾತೇ ಆಡಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಮಾನಿಟರಿನ ಮೆನುವಿನಲ್ಲಿಯೇ ಡಿಡಿಸಿ/ಸಿಐ ಎಂಬ ಆಯ್ಕೆಯೊಂದು ಇರುತ್ತದೆ, ನನ್ನದರಲ್ಲಿ ಅದು ಆಫ್ ಆಗಿತ್ತು. ಅದನ್ನು ಆನ್ ಮಾಡುವುದು ಹೇಗೆ? ಗುಂಡಿಗಳಿಂದ. ಗುಂಡಿಗಳಿಂದ ಬಿಡುಗಡೆ ಪಡೆಯುವ ಅರ್ಜಿಗೆ ಗುಂಡಿಗಳದೇ ರುಜು ಬೇಕಿತ್ತು. ಮೂರು ಸಲ ಮಾನಿಟರನ್ನು ಆರಿಸಿ, ನಾಲ್ಕನೆಯ ಸಲ ಗೆದ್ದೆ.

ಆಮೇಲೆ ನಡೆದದ್ದು ಮಾತ್ರ ಪವಾಡ.

```
ddcutil setvcp 10 30
```

10 ಎಂದರೆ ಬೆಳಕಿನ ಸಂಕೇತ, 30 ಎಂದರೆ ನೂರಕ್ಕೆ ಮೂವತ್ತು. ಎಂಟರ್ ಒತ್ತಿದೆ, ಒಂದು ಕ್ಷಣ ಬಿಟ್ಟು ಪರದೆ ಸೌಮ್ಯವಾಗಿ ತಗ್ಗಿತು. ಚಿತ್ರದ ಬಣ್ಣಕ್ಕೆ ಕಪ್ಪು ಬಳಿಯುವ ಕಣ್ಕಟ್ಟು ಅಲ್ಲ, ಹಿಂಬದಿಯ ದೀಪವೇ ತಗ್ಗುತ್ತದೆ. ಮನೆಯಾಕೆಯನ್ನು ಕರೆದು ತೋರಿಸಿದೆ. “ಮೊದಲೂ ಕಡಿಮೆಯಾಗುತ್ತಿತ್ತಲ್ಲ ರೀ, ಗುಂಡಿ ಒತ್ತಿದರೆ?” ಎಂದಳು. ಇಂಥವರಿಗೆ ವಿಜ್ಞಾನ ಹೇಳಬಾರದು.

ಹುಮ್ಮಸ್ಸಿನಲ್ಲಿ `ddcutil setvcp 10 - 5` ಎಂಬುದನ್ನು ಕೀಲಿಮಣೆಯ ಒಂದು ಕೀಲಿಗೆ ಕಟ್ಟಿದೆ. ಒಂದು ಸಲ ಒತ್ತಿದರೆ ಐದು ಅಂಶ ಇಳಿಯಬೇಕು. ನಾನು ಮೊಬೈಲಿನ ಅಭ್ಯಾಸದಲ್ಲಿ ಒತ್ತಿ ಹಿಡಿದೆ. ಹಿಡಿದ ಕೀಲಿ ಸೆಕೆಂಡಿಗೆ ಹತ್ತಾರು ಸಲ ಒತ್ತಿದ ಲೆಕ್ಕ, ಆದರೆ ಆ ಎರಡು ತಂತಿಗಳು ಎತ್ತಿನ ಗಾಡಿಯ ದಾರಿ. ಒಂದು ಸಂದೇಶ ಹೋದ ಮೇಲೆ ಮಾನಿಟರ್ ಸುಧಾರಿಸಿಕೊಳ್ಳಲೆಂದು ಸುಮಾರು 50 ಮಿಲಿಸೆಕೆಂಡ್ ಕಾಯಬೇಕು, ಅದರ ಮೇಲೆ ddcutil ಪ್ರತಿಸಲವೂ ಮಾನಿಟರ್ ಎಲ್ಲಿದೆ ಎಂದು ಹೊಸದಾಗಿ ಹುಡುಕಿಕೊಂಡು ಹೋಗುತ್ತದೆ. ನಾನು ಕೈ ಎತ್ತಿದ ಮೇಲೂ ಬೆಳಕು ಇಳಿಯುತ್ತಲೇ ಇತ್ತು. ‘ಸಾಕು’ ಎಂದು ಏರಿಸುವ ಕೀಲಿ ಒತ್ತಿದೆ, ಆ ಅಪ್ಪಣೆ ಸಾಲಿನ ಬಾಲದಲ್ಲಿ ಹೋಗಿ ನಿಂತಿತು. ಸೊನ್ನೆ ಮುಟ್ಟಿ, ಅಲ್ಲಿ ಮೌನ ಆಚರಿಸಿ, ನಾನು ಎದ್ದು ನೀರು ಕುಡಿದು ಬಂದಾಗ ತಾನಾಗಿ ಬೆಳಗುತ್ತಿತ್ತು. ಈಗ ಒಂದೊಂದೇ ಒತ್ತುತ್ತೇನೆ, ಮಾನಿಟರ್ ಯಾವ ದಾರಿಯಲ್ಲಿದೆ ಎಂಬುದನ್ನೂ `--bus` ಎಂದು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ನನ್ನ ಮಾನಿಟರಿಗೆ ಎರಡು ಸಂಸಾರ. ಎಚ್‌ಡಿಎಂಐ ಕಡೆ ಮನೆಯ ಕಂಪ್ಯೂಟರ್, ಡಿಸ್‌ಪ್ಲೇಪೋರ್ಟ್ ಕಡೆ ಕಚೇರಿಯ ಲ್ಯಾಪ್‌ಟಾಪ್. ಒಂದರಿಂದ ಇನ್ನೊಂದಕ್ಕೆ ದಾಟಿಸಲು ಗುಂಡಿಗಳನ್ನು ಆರು ಸಲ ಒತ್ತಬೇಕು, ಅಂದರೆ ಆರು ಸಲ ತಪ್ಪಬಹುದು. `ddcutil capabilities` ಎಂದು ಕೇಳಿದರೆ ಮಾನಿಟರ್ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ಇದೂ ಇತ್ತು:

```
Feature: 60 (Input Source)
   Values:
      0f: DisplayPort-1
      11: HDMI-1
      12: HDMI-2
```

ಒಂದು ಭಾನುವಾರ ರಾತ್ರಿ `ddcutil setvcp 60 0x0f` ಎಂದು ಬರೆದು ಎಂಟರ್ ಒತ್ತಿದೆ. ಮಾನಿಟರ್ ಚಕ್ಕನೆ ಲ್ಯಾಪ್‌ಟಾಪ್ ಕಡೆ ತಿರುಗಿತು. ಲ್ಯಾಪ್‌ಟಾಪ್ ಮುಚ್ಚಿಕೊಂಡು ನಿದ್ದೆಯಲ್ಲಿತ್ತು. ‘ಸಿಗ್ನಲ್ ಇಲ್ಲ’ ಎಂಬ ಪೆಟ್ಟಿಗೆಯೊಂದು ಪರದೆಯಲ್ಲಿ ಐದಾರು ಸೆಕೆಂಡ್ ಓಡಾಡಿತು, ಆಮೇಲೆ ಕತ್ತಲೆ.

ನಾನು ಹೆದರಲಿಲ್ಲ. ಕಂಪ್ಯೂಟರ್ ಓಡುತ್ತಿದೆ, ಟರ್ಮಿನಲ್ ತೆರೆದೇ ಇದೆ, ಕಾಣದಿದ್ದರೇನು, ಬೆರಳಿಗೆ ಅಕ್ಷರ ಗೊತ್ತು. ಕುರುಡಾಗಿಯೇ `ddcutil setvcp 60 0x11` ಎಂದು ಹೊಡೆದೆ. ಏನೂ ಇಲ್ಲ. ಅಕ್ಷರ ತಪ್ಪಿರಬೇಕೆಂದು ಮತ್ತೆ ಹೊಡೆದೆ. ನಿಧಾನವಾಗಿ ಹೊಡೆದೆ. ಬಾಯಲ್ಲಿ ಹೇಳಿಕೊಳ್ಳುತ್ತ ಹೊಡೆದೆ. ಕೊನೆಗೆ ಲ್ಯಾಪ್‌ಟಾಪನ್ನೇ ತೆರೆದು, ಅದರಿಂದ ಮನೆಯ ಕಂಪ್ಯೂಟರಿಗೆ ssh ಮೂಲಕ ಹೊಕ್ಕು `ddcutil detect` ಕೇಳಿದೆ. ಉತ್ತರ ವಿಚಿತ್ರವಾಗಿತ್ತು. ಮಾನಿಟರ್ ಇದೆ, ಹೆಸರು ಕುಲ ಎಲ್ಲ ಸರಿ, ಆದರೆ ‘Invalid display’, ಮಾತುಕತೆ ಸಾಧ್ಯವಿಲ್ಲ.

ಆಗ ಮನೆ ನಂಬರುಗಳ ಗುಟ್ಟು ತಿಳಿಯಿತು. 0x50ರಲ್ಲಿರುವುದು ಗೇಟಿಗೆ ಹಾಕಿದ ಹೆಸರಿನ ಫಲಕದಂಥದು. ಯಜಮಾನ ಇರಲಿ ಬಿಡಲಿ, ಓದಬಹುದು. 0x37ರಲ್ಲಿ ಬಾಗಿಲು ತೆರೆಯಲು ಒಬ್ಬರು ಎಚ್ಚರವಾಗಿರಬೇಕು. ನನ್ನ ಮಾನಿಟರ್ ತಾನು ಯಾರ ಚಿತ್ರ ತೋರಿಸುತ್ತಿದೆಯೋ ಅವರ ಮಾತನ್ನಷ್ಟೇ ಕೇಳುತ್ತದೆ. ಅತ್ತ ತಿರುಗಿದೊಡನೆ ಇತ್ತ ಕಿವುಡು. ಕಳಿಸುವ ಅಧಿಕಾರ ನನ್ನದು, ಕರೆಸಿಕೊಳ್ಳುವ ಅಧಿಕಾರ ಸವತಿಯದು. ಎಲ್ಲ ಮಾನಿಟರುಗಳೂ ಇಷ್ಟು ನಿಷ್ಠುರವಲ್ಲ, ಬಿಟ್ಟುಬಂದ ಕಡೆಗೂ ಒಂದು ಕಿವಿ ಇಟ್ಟಿರುವ ಸಭ್ಯರೂ ಇದ್ದಾರೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ನಾನು ಆಮೇಲೆ ಮಾಡಿದ ಪರೀಕ್ಷೆ ಇದು. ಕತ್ತಲಲ್ಲಿ ನಡೆದದ್ದು ಕಡತದಲ್ಲಿ ಉಳಿಯುತ್ತದೆ, ಬೆಳಕಿಗೆ ಬಂದ ಮೇಲೆ ಓದಿಕೊಳ್ಳಬಹುದು:

```
ddcutil setvcp 60 0x0f --noverify
sleep 20
ddcutil getvcp 60 > putta.txt 2>&1
```

ddcutil ಒಳ್ಳೆಯ ಗುಮಾಸ್ತನ ಹಾಗೆ, ಕೊಟ್ಟ ಅಪ್ಪಣೆ ನಡೆಯಿತೇ ಎಂದು ತಿರುಗಿ ಕೇಳುತ್ತದೆ. ಮಾನಿಟರ್ ಆಗಲೇ ಹೊರಟುಹೋಗಿರುವುದರಿಂದ ಉತ್ತರ ಬಾರದೆ ಗೋಳಾಡುತ್ತದೆ, `--noverify` ಎಂದರೆ ‘ಕೇಳಬೇಡ, ಬಿಡು’. ಇಪ್ಪತ್ತು ಸೆಕೆಂಡಿನ ನಂತರದ ಪ್ರಶ್ನೆಗೆ putta.txt ಕಡತದಲ್ಲಿ ಇನ್‌ಪುಟ್ಟಿನ ಹೆಸರು ಸಿಕ್ಕರೆ ನಿಮ್ಮದು ಸಭ್ಯ ಮಾನಿಟರ್, ಇದೇ ಕಂಪ್ಯೂಟರಿನಿಂದ ವಾಪಸ್ ಕರೆಸಬಹುದು. ನನ್ನದರಲ್ಲಿ ಸಿಕ್ಕದ್ದು ದೋಷದ ಒಂದು ಸಾಲು.

ಅಂದು ರಾತ್ರಿಗೆ ಮರಳೋಣ. ಲ್ಯಾಪ್‌ಟಾಪ್ ಎಚ್ಚೆತ್ತಿತ್ತು, ಅದಕ್ಕೆ ಕೇಬಲ್ ಚುಚ್ಚಿದ್ದರಿಂದ ಮಾನಿಟರಿನಲ್ಲಿ ಅದರ ಚಿತ್ರವೂ ಬಂತು. ಅದೂ ಲಿನಕ್ಸೇ, ಅದರಲ್ಲೂ ddcutil ಹಾಕಿದೆ. ಪಟ್ಟಿಯಲ್ಲಿ ಎಚ್‌ಡಿಎಂಐಗೆ 11 ಎಂದಿತ್ತಲ್ಲ, ಅವಸರದಲ್ಲಿ `ddcutil setvcp 60 11` ಎಂದೆ. ಮಾನಿಟರ್ ಮಿಸುಕಲಿಲ್ಲ. ಹತ್ತು ನಿಮಿಷ ಕೇಬಲ್ಲಿಗೆ ಬೈದೆ. ಕೇಬಲ್ಲಿನದೇನೂ ತಪ್ಪಿರಲಿಲ್ಲ. ಈ ಆಜ್ಞೆಯಲ್ಲಿ ಮೊದಲ ಅಂಕಿ 60 ಹದಿನಾರರ ಲೆಕ್ಕದ್ದು, ಪಕ್ಕದ ಅಂಕಿಯನ್ನು ಮಾತ್ರ, ಮುಂದೆ 0x ಇಲ್ಲದಿದ್ದರೆ, ನಮ್ಮ ನಿಮ್ಮ ಹತ್ತರ ಲೆಕ್ಕದಲ್ಲಿ ಓದಲಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಅಳತೆಯ ಸೇರು. ಪಟ್ಟಿಯ 11 ಎಂದರೆ ನಮ್ಮ ಹದಿನೇಳು. ನಾನು ಬರೆದ ಹನ್ನೊಂದು ಅದರ ಲೆಕ್ಕದಲ್ಲಿ 0b, ಅಂದರೆ ನಿಯಮಾವಳಿಯ ಪ್ರಕಾರ ಮೂರನೆಯ ಟ್ಯೂನರ್. ಒಂದು ಟಿವಿ ಟ್ಯೂನರ್ ಕೂಡ ಇಲ್ಲದ ಮಾನಿಟರಿಗೆ ಮೂರನೆಯದಕ್ಕೆ ಹೋಗೆಂದು ನಾನು ಗದರಿಸುತ್ತಿದ್ದೆ. ಬೆಳಕಿನಲ್ಲಿ 30 ಎಂದರೆ ಮೂವತ್ತೇ ಆಗಿದ್ದರಿಂದ ಈ ಮೋಸ ಅಲ್ಲಿಯವರೆಗೆ ಬಯಲಾಗಿರಲಿಲ್ಲ.

0x11 ಎಂದು ತಿದ್ದಿದೆ. ಪುಟ್ಟ ಮನೆಗೆ ಬಂದ. ಮನೆಯ ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ನಾನು ಕತ್ತಲಲ್ಲಿ ಹೊಡೆದ ಹನ್ನೊಂದು ಆಜ್ಞೆಗಳೂ ಹನ್ನೊಂದು ದೋಷಗಳೂ ಸಾಲಾಗಿ ನಿಂತಿದ್ದವು. ಹನ್ನೊಂದರಲ್ಲಿ ಒಂದೂ ಅಕ್ಷರ ತಪ್ಪಿರಲಿಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ಈಗಿನ ಏರ್ಪಾಡು ಹೀಗಿದೆ. ಕಳಿಸುವ ಕೀಲಿ ಮನೆಯ ಕಂಪ್ಯೂಟರಿನಲ್ಲಿ, ಕರೆಸುವ ಕೀಲಿ ಲ್ಯಾಪ್‌ಟಾಪಿನಲ್ಲಿ. ಕಳಿಸುವ ಮುನ್ನ ಆ ಕಡೆ ಯಾರಾದರೂ ಎದ್ದಿದ್ದಾರೆಯೇ ಎಂದು ವಿಚಾರಿಸುವ ಮರ್ಯಾದೆಯೂ ಇದೆ:

```
ping -c 1 laptop && ddcutil setvcp 60 0x0f --noverify
```

ಲ್ಯಾಪ್‌ಟಾಪ್ ಓಗೊಟ್ಟರೆ ಮಾತ್ರ ಮಾನಿಟರ್ ಹೊರಡುತ್ತದೆ. ಲ್ಯಾಪ್‌ಟಾಪ್ ಎಚ್ಚರವಿದ್ದು, ಅದರ ಕೇಬಲ್ ಮಾತ್ರ ಕಳಚಿದ್ದರೆ? ಹೋದ ವಾರ ಹಾಗೆಯೇ ಆಯಿತು. ping ಸಂತೋಷದಿಂದ ಒಪ್ಪಿಗೆ ಕೊಟ್ಟಿತು, ಪುಟ್ಟ ಹೊರಟ, ಕತ್ತಲೆ. ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, “ಈಗ ಗುಂಡಿ ಒತ್ತುತ್ತೀರೋ, ಇನ್ನೂ ಬರೆಯುವುದಿದೆಯೋ?” ಎಂದು ಕೇಳಿದಳು.

ಒತ್ತಿದೆ. ಮೊದಲ ಸಲವೇ ಸರಿಯಾದದ್ದು ಸಿಕ್ಕಿತು, ಏಕೆಂದರೆ ಹಿಂದಿನ ದಿನವೇ ಅವಳು ಮೂರನೆಯ ಗುಂಡಿಯ ಮೇಲೆ ಟೇಪಿನ ಚೂರೊಂದನ್ನು ಮಡಚಿ ಅಂಟಿಸಿದ್ದಳಂತೆ.